ಚಿಕ್ಕಮ್ಮನ ಸೋಪಿಗೆ ನಾನು ಬರೆದ ಸುಳ್ಳು

1/3
ಹೋದ ತಿಂಗಳು ಇದೇ ಪೇಜಲ್ಲಿ ಚಿಕ್ಕಮ್ಮನ ಸೋಪಿನ ಫೋಟೋ ಹಾಕಿ ಬರೆದಿದ್ದೆ: "ನೂರಕ್ಕೆ ನೂರು ನೈಸರ್ಗಿಕ. ಕೆಮಿಕಲ್ ಫ್ರೀ. ಅಜ್ಜಿಯ ಕಾಲದ ರಹಸ್ಯ." ಎಲ್ಲಿಂದ ತಂದೆ ಅಂತ ಕೇಳಬೇಡಿ. ನಾಲ್ಕು ಸೋಪ್ ಪೇಜ್ ನೋಡಿ, ನಾಲ್ಕರಲ್ಲೂ ಇದ್ದಿದ್ದನ್ನೇ ಎತ್ತಿ ಹಾಕಿದ್ದು.

ಮೊದಲು ಸಿಕ್ಕಿಹಾಕಿಕೊಂಡಿದ್ದು ಮನೇಲೇ. ಓದಿ ಹೇಳಿದ್ದಕ್ಕೆ ಅಜ್ಜಿ, "ನಾನ್ಯಾವಾಗ ಸೋಪ್ ಮಾಡ್ದೆ? ನಾವು ತಲೆಗೆ ಸೀಗೆಕಾಯಿ, ಮೈಗೆ ಕಡ್ಲೆಹಿಟ್ಟು ಹಾಕ್ತಿದ್ವಿ ಕಣೇ" ಅಂದ್ರು. ಆಮೇಲೆ ಬಿಎಸ್ಸಿ ಓದೋ ಫ್ರೆಂಡ್ ಮೆಸೇಜ್ ಮಾಡಿದ್ಲು: "ಕಾಸ್ಟಿಕ್ ಸೋಡಾ ಹಾಕದೆ ಎಣ್ಣೆ ಹೆಂಗೆ ಸೋಪಾಯ್ತು?" ಉತ್ತರ ನನ್ನ ಹತ್ರ ಇರಲಿಲ್ಲ. ಸೋಪು ಮಾಡೋದನ್ನ ನಾನು ಒಂದು ಸಲಾನೂ ಪೂರ್ತಿ ನೋಡಿರಲಿಲ್ಲ! ಫೋಟೋ ತೆಗೆಯೋಕೆ ಮಾತ್ರ ಹೋಗ್ತಿದ್ದೆ.

ಭಾನುವಾರ ಕೋಡಿಹಳ್ಳಿ ಮನೆಯ ಹಿತ್ತಲಲ್ಲಿ ಬೆಳಗ್ಗೆಯಿಂದ ಕೂತೆ.

2/3
ಕೊಬ್ಬರಿ ಎಣ್ಣೆ 600 ಗ್ರಾಂ, ಕಡಲೆಕಾಯಿ ಎಣ್ಣೆ 300, ಹರಳೆಣ್ಣೆ 100. ಒಟ್ಟು ಒಂದು ಕೆಜಿ. ಒಂದೊಂದು ಎಣ್ಣೆಗೂ ಬೇಕಾಗೋ ಕಾಸ್ಟಿಕ್ ಬೇರೆ ಬೇರೆ. ಗ್ರಾಮಿಗೆ ಕೊಬ್ಬರಿ ಎಣ್ಣೆ 0.183 ಕೇಳಿದ್ರೆ ಹರಳೆಣ್ಣೆ 0.128 ಕೇಳುತ್ತೆ. ಲೆಕ್ಕ ಹಾಕಿದ್ರೆ ಎಲ್ಲ ಎಣ್ಣೆಯೂ ಸೋಪಾಗೋಕೆ ಸುಮಾರು 163 ಗ್ರಾಂ ಬೇಕು. ಚಿಕ್ಕಮ್ಮ ಹಾಕೋದು 155. ಐದು ಪರ್ಸೆಂಟ್ ಕಡಿಮೆ. ಸ್ವಲ್ಪ ಎಣ್ಣೆ ಹಾಗೇ ಉಳಿಯಬೇಕು, ಕಾಸ್ಟಿಕ್ ಒಂದು ಚೂರೂ ಉಳಿಯಬಾರದು. ಅಂದ್ರೆ ಕೆಮಿಕಲ್ ಇಲ್ಲದ ಸೋಪು ಅನ್ನೋದೇ ಇಲ್ಲ. ಇರೋದು, ಹಾಕಿದ ಕಾಸ್ಟಿಕ್ ಪೂರ್ತಿ ಎಣ್ಣೆ ಜೊತೆ ಸೇರಿ ಬೇರೇನೋ ಆಗಿ ಮುಗಿದಿರೋ ಸೋಪು.

ಇನ್ನೊಂದು ವಿಷಯ ನಾಲ್ಕು ಪೇಜಲ್ಲೂ ಇರಲಿಲ್ಲ. ನಮ್ಮ ಕಡೆ ರೇಷ್ಮೆ ಅಂತ ಎಲ್ರಿಗೂ ಗೊತ್ತು. ಮಾರ್ಕೆಟ್ಟಲ್ಲಿ ಬೆಲೆ ಸಿಗದ ತೆಳು ಗೂಡು ಪಕ್ಕದ ಮನೇಲಿ ಉಳಿಯುತ್ತೆ. ಚಿಕ್ಕಮ್ಮ ನಾಲ್ಕೈದು ಗೂಡು ಕತ್ತರಿಸಿ, ಒಳಗಿನ ಹುಳು ತೆಗೆದು, ಎಳೆಯನ್ನ ಚೂರು ಚೂರು ಮಾಡ್ತಾರೆ. ಕನ್ನಡಕ, ಗ್ಲೌಸ್ ಹಾಕಿಕೊಂಡು, 320 ಗ್ರಾಂ ನೀರಿಗೆ ಕಾಸ್ಟಿಕ್ ಸುರಿತಾರೆ. ಯಾವಾಗ್ಲೂ ನೀರಿಗೆ ಕಾಸ್ಟಿಕ್, ಕಾಸ್ಟಿಕ್ ಮೇಲೆ ನೀರಲ್ಲ, ಸಿಡಿಯುತ್ತೆ. ಒಲೆ ಇಲ್ಲದೇನೇ ನೀರು ಕಾಯುತ್ತೆ. ಆ ಬಿಸೀಲಿ ರೇಷ್ಮೆ ಎಳೆ ಕರಗಿ ಹೋಗುತ್ತೆ! ನಾನು ಬಾಯಿ ಬಿಟ್ಕೊಂಡು ನೋಡ್ತಿದ್ದೆ.

"ರೇಷ್ಮೆ ಚರ್ಮಕ್ಕೆ ಒಳ್ಳೇದು ಅಂತ ಬರೀಲಾ?" ಅಂದೆ. "ಬೇಡ. ನೊರೆ ನುಣ್ಣಗಿರುತ್ತೆ ಅಂತ ಬರಿ. ನಂಗೆ ಗೊತ್ತಿರೋದು ಅಷ್ಟೇ. ಹುಳಿನ ಗೂಡು ಅಂತಾನೂ ಬರಿ, ಕೆಲವ್ರು ಬಳಸಲ್ಲ."

ನೀರು ಆರಿದ ಮೇಲೆ ಎಣ್ಣೆಗೆ ಸುರಿದು ಕಡೀಬೇಕು. ದೋಸೆ ಹಿಟ್ಟಿನ ಹದ ಬಂದಾಗ ಅಚ್ಚಿಗೆ. ಮಾರನೇ ದಿನ ಕತ್ತರಿಸಿದ್ರೆ 110 ಗ್ರಾಮಿನ ಹದಿಮೂರು ಸೋಪು. ಐದು ವಾರ ನೆರಳಲ್ಲಿ ಒಣಗಿದ ಹಳೇ ಬ್ಯಾಚನ್ನ ತೂಗಿದೆ. ಒಂದೊಂದು 98 ಗ್ರಾಂ. ನೀರು ಹೋಗಿರುತ್ತೆ. ನಾನು ಲೇಬಲ್ಲಲ್ಲಿ ಬರೆದಿದ್ದು 110. ಕಾಮರ್ಸ್ ಓದೋಳು ನಾನು, ಗಿರಾಕಿಗೆ 12 ಗ್ರಾಂ ಮೋಸ ಮಾಡಿದ್ದೆ.

ಮೂಲೇಲಿ ಬಕೆಟ್ ತುಂಬ ಬಿಳಿ ಚೂರು. ಒಂದ್ಸಲ ತೂಕದ ಯಂತ್ರದ ಬ್ಯಾಟರಿ ಇಳಿದು ಕಾಸ್ಟಿಕ್ ಜಾಸ್ತಿ ಬಿದ್ದಿತ್ತಂತೆ. ಚಾಕು ಇಟ್ಟ ಕೂಡ್ಲೇ ಸೀಮೆಸುಣ್ಣದ ಹಾಗೆ ಪುಡಿಯಾಯ್ತು. ತುದಿ ಬೆರಳಲ್ಲಿ ಒಂದು ಚೂರು ನಾಲಿಗೆಗೆ ಮುಟ್ಟಿಸಿದ್ರೆ ಚುರ್ ಅಂತ. ಇಡೀ ಬ್ಯಾಚ್ ಹೋಯ್ತು, ಎಣ್ಣೆ ದುಡ್ಡೂ ಹೋಯ್ತು.

3/3
ಈಗ ಬರೆದ ಪ್ರತಿ ಸಾಲಿಗೂ ಒಂದು ಪರೀಕ್ಷೆ ಇಟ್ಟುಕೊಂಡಿದ್ದೀನಿ. ಇದನ್ನ ಬೇರೆ ಸೋಪಿನ ಮೇಲೆ ಅಂಟಿಸಿದ್ರೂ ನಡೆಯುತ್ತಾ? ನಡೆದ್ರೆ ಅಳಿಸು. ಮೈಸೂರ್ ಸ್ಯಾಂಡಲ್ ಕಥೆ ನೋಡಿ. ಮೊದಲ ಮಹಾಯುದ್ಧದಲ್ಲಿ ಶ್ರೀಗಂಧ ಯುರೋಪಿಗೆ ಹೋಗೋದು ಕಷ್ಟವಾಗಿ, 1916ರಲ್ಲಿ ಮೈಸೂರು ಸಂಸ್ಥಾನದಲ್ಲೇ ಎಣ್ಣೆ ತೆಗೆಯೋಕೆ ಶುರು ಮಾಡಿದ್ರು, ಆ ಎಣ್ಣೆಯಿಂದ ಸೋಪು ಬಂತು. ಅದನ್ನ ಇನ್ನೊಂದು ಕಂಪನಿ ಕದಿಯೋಕಾಗಲ್ಲ.

ಹಳೇ ಪೋಸ್ಟ್ ತೆಗೆದೆ. 110 ಗ್ರಾಂ ಅಂತ ತಗೊಂಡವರಿಗೆಲ್ಲ ಮೆಸೇಜ್ ಹಾಕಿದ್ದೀನಿ. ಹೊಸ ಲೇಬಲ್:

"ಕೊಬ್ಬರಿ, ಕಡಲೆಕಾಯಿ, ಹರಳೆಣ್ಣೆ, ನೀರು, ಕಾಸ್ಟಿಕ್ ಸೋಡಾ, ಪಕ್ಕದ ಮನೆಯ ರೇಷ್ಮೆ ಗೂಡು. ಸುವಾಸನೆ ಹಾಕಿಲ್ಲ. ಐದು ವಾರ ಒಣಗಿಸಿ ತೂಗಿದ್ದು. 98 ಗ್ರಾಂ."

ಚಿಕ್ಕಮ್ಮ ಓದಿ ಒಂದೇ ಸಾಲು ಸೇರಿಸಿದ್ರು: "ನೀರಲ್ಲಿ ನೆನೆಯೋಕೆ ಬಿಡಬೇಡಿ, ಬೇಗ ಕರಗುತ್ತೆ."