ಹೆಸರಿಲ್ಲದ ಒಂದು ಹಿನ್ನೆಲೆ ಸಂಗೀತ

ಚಲನಚಿತ್ರದ ಹಾಡಿಗೆ ಹೆಸರಿರುತ್ತದೆ. ಬರೆದವರು, ಹಾಡಿದವರು, ರಾಗಸಂಯೋಜನೆ ಮಾಡಿದವರು ಯಾರೆಂಬುದು ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ ಅಚ್ಚಾಗಿರುತ್ತದೆ. ಎರಡು ಸಂಭಾಷಣೆಗಳ ನಡುವೆ ಅರ್ಧ ನಿಮಿಷವೋ ಒಂದು ನಿಮಿಷವೋ ನುಡಿದು ಸರಿದುಹೋಗುವ ಹಿನ್ನೆಲೆ ಸಂಗೀತಕ್ಕೆ ಅಂಥ ಭಾಗ್ಯವಿಲ್ಲ. ಅದನ್ನು ಚಿತ್ರದಿಂದ ಬೇರ್ಪಡಿಸಿ ಕೇಳಿಸಿದರೆ, ನಾದದ ಹೊರತು ಬೇರೆ ಯಾವ ಸಾಕ್ಷಿಯೂ ಉಳಿಯುವುದಿಲ್ಲ. ನಾದವೊಂದನ್ನೇ ಆಧರಿಸಿ ಕರ್ತೃವನ್ನು ಗುರುತಿಸಬಹುದೇ ಎಂಬ ಪ್ರಶ್ನೆ, ಅಂಕಿತವಿಲ್ಲದ ವಚನವೊಂದನ್ನು ಎದುರಿಗಿಟ್ಟುಕೊಂಡ ವಿದ್ವಾಂಸನ ಪ್ರಶ್ನೆಗಿಂತ ಬಹಳ ದೂರದ್ದೇನಲ್ಲ.

ಜತ್ತ ತಾಲೂಕಿನ ಮುಚ್ಚಂಡಿಯಲ್ಲಿ ಕನ್ನಡ ಶಾಲೆಯಿಂದ ನಿವೃತ್ತರಾದ ಮಾಸ್ತರರೊಬ್ಬರಿಗೆ ಈ ಪ್ರಶ್ನೆ ಒಂದು ಹಳೆಯ ಕ್ಯಾಸೆಟ್ಟಿನ ರೂಪದಲ್ಲಿ ಎದುರಾಯಿತು. ಭಜನೆಗೆ ಪೇಟಿ ನುಡಿಸುವ ಕೈ ಅವರದು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ, ಕಿವಿಗೆ ಎರಡೂ ಸಮಾನ. ಆ ಕ್ಯಾಸೆಟ್ಟನ್ನು ಅವರ ಭಾವ ಬಿಜಾಪುರದ ಚಿತ್ರಮಂದಿರವೊಂದಕ್ಕೆ ಟೇಪ್‌ರೆಕಾರ್ಡರ್ ಒಯ್ದು ಧ್ವನಿಮುದ್ರಿಸಿಕೊಂಡು ಬಂದಿದ್ದರು. ಭಾವ ಈಗಿಲ್ಲ. ಮೇಲಿನ ಚೀಟಿಯೂ ಉದುರಿಹೋಗಿದೆ. ಒಳಗೆ ಮಾತಿಲ್ಲದ, ಎರಡು ನಿಮಿಷಕ್ಕೂ ಕಡಿಮೆಯಿರುವ ಒಂದು ಸಂಗೀತದ ತುಣುಕು. ಅದರ ನಡುವೆ ಯಾರೋ ಪ್ರೇಕ್ಷಕರು ಕೆಮ್ಮಿದ ಸದ್ದು.

ಮೊಮ್ಮಗನಿಗೆ ಅದರಲ್ಲಿ ಯಾವ ಸಮಸ್ಯೆಯೂ ಕಾಣಲಿಲ್ಲ. "ಅಜ್ಜಾರ, ಇದು ಐಡಿಯಾ ಮೊಬೈಲಿನ ಜಾಹೀರಾತಿನ ಟ್ಯೂನ್ ಐತಲ್ರಿ, ಹಿಂದಿಯಾಂವ ಯಾರೋ ಮಾಡಿದ್ದು" ಎಂದ. ಮಾಸ್ತರರು, "ತಮ್ಮಾ, ಮೊಬೈಲ್ ಹುಟ್ಟೂಕಿಂತ ಮೊದಲಿನ ಟೇಪ್ ಇದು" ಎಂದರು. ಮಾತು ಅಲ್ಲಿಗೆ ನಿಲ್ಲಲಿಲ್ಲ. ಮೊದಲಿನದೆಂದು ಹೇಳಿದ ಮೇಲೆ ಎಷ್ಟು ಮೊದಲಿನದು, ಯಾರದು ಎಂದೂ ಹೇಳಬೇಕಾಗುತ್ತದೆ.

ಕಾಲದ ಒಂದು ಅಂಚು ಕ್ಯಾಸೆಟ್ಟಿನಲ್ಲಿಯೇ ಇತ್ತು. ಸಂಗೀತದ ತುಣುಕು ಮುಗಿಯುವ ಮೊದಲೇ ಕತ್ತರಿಸಿದಂತಾಗಿ, ಇಂದಿರಾ ಗಾಂಧಿಯವರ ಹತ್ಯೆಯ ಆಕಾಶವಾಣಿ ವಾರ್ತೆ ಆರಂಭವಾಗುತ್ತದೆ. ಕ್ಯಾಸೆಟ್ಟಿನಲ್ಲಿ ಒಂದು ಮುದ್ರಣದ ನಂತರ ಇನ್ನೊಂದು ಇದ್ದ ಮಾತ್ರಕ್ಕೆ ಮೊದಲನೆಯದು ಹಳೆಯದೆಂದು ಹೇಳಲಾಗದು; ಖಾಲಿ ಉಳಿದ ಜಾಗದಲ್ಲಿ ಯಾವಾಗ ಬೇಕಾದರೂ ತುಂಬಿಸಬಹುದು. ಇಲ್ಲಿ ಮಾತ್ರ ವಾರ್ತೆಯು ಸಂಗೀತದ ಬಾಲವನ್ನು ಅಳಿಸಿ ಅದರ ಮೇಲೆ ಕುಳಿತಿದೆ. ಆದ್ದರಿಂದ ಸಂಗೀತದ ಮುದ್ರಣ 1984ರ ಅಕ್ಟೋಬರ್ 31ಕ್ಕಿಂತ ಈಚಿನದಾಗಿರಲು ಸಾಧ್ಯವಿಲ್ಲ. ಇನ್ನೊಂದು ಅಂಚನ್ನು ನಾದದಲ್ಲಿಯೇ ಹುಡುಕಬೇಕಾಗಿತ್ತು.

ಇಂಥ ಹುಡುಕಾಟದಲ್ಲಿ ಎಲ್ಲರೂ ಮೊದಲು ಹಿಡಿಯುವುದು ರಾಗದ ಎಳೆಯನ್ನು. ಅದೇ ಎಲ್ಲಕ್ಕಿಂತ ದುರ್ಬಲವಾದ ಎಳೆ. ಮೊಬೈಲಿನಲ್ಲಿ ಮೊಳಗಿದ ಆ ಜಾಹೀರಾತಿನ ಧಾಟಿ ಒಂಟಿ ಸ್ವರಗಳ ಸಾಲು ಮಾತ್ರ; ಅದನ್ನು ಯಾರು ಬೇಕಾದರೂ ಎತ್ತಿಕೊಂಡು ಯಾವ ವಾದ್ಯದಲ್ಲಿ ಬೇಕಾದರೂ ನುಡಿಸಬಹುದು. ಎರಡನೆಯ ದುರ್ಬಲ ಎಳೆ ವಾದ್ಯಗಳ ಪಟ್ಟಿ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಕನ್ನಡ ಚಿತ್ರಗಳ ಸಂಗೀತದ ಬಹುಭಾಗ ಮದ್ರಾಸಿನಲ್ಲಿಯೇ ಧ್ವನಿಮುದ್ರಣಗೊಳ್ಳುತ್ತಿತ್ತು. ಬೆಳಿಗ್ಗೆ ಒಬ್ಬ ನಿರ್ದೇಶಕರಿಗೆ ಪಿಟೀಲು ನುಡಿಸಿದ ಕಲಾವಿದರೇ ಮಧ್ಯಾಹ್ನ ಇನ್ನೊಬ್ಬರಿಗೆ ನುಡಿಸುತ್ತಿದ್ದರು. ಪಿಟೀಲು, ಕೊಳಲು, ಗಿಟಾರ್ ಇವೆ ಎಂಬುದರಿಂದ ಮದ್ರಾಸು ಎಂದು ಹೇಳಬಹುದೇ ಹೊರತು ಹೆಸರು ಹೇಳಲಾಗದು. ಮೂರನೆಯದು ಶ್ರುತಿ. ಅಗ್ಗದ ಟೇಪ್‌ರೆಕಾರ್ಡರಿನ ಮೋಟಾರು ಸ್ವಲ್ಪ ಚುರುಕಾಗಿ ಓಡಿದರೂ ಶ್ರುತಿ ಏರುತ್ತದೆ, ನಿಧಾನಿಸಿದರೆ ಇಳಿಯುತ್ತದೆ. ಮಾಸ್ತರರ ಪೇಟಿಗೂ ಈ ತುಣುಕಿಗೂ ಯಾವ ಮನೆಯಲ್ಲಿಯೂ ಪೂರ್ತಿ ಹೊಂದಿಕೆಯಾಗಲಿಲ್ಲ. ಕ್ಯಾಸೆಟ್ಟಿನ ಶ್ರುತಿಯನ್ನು ನೆಚ್ಚಿ ಎರಡು ಮುದ್ರಣಗಳನ್ನು ಹೋಲಿಸುವವರು ಮೋಸ ಹೋಗುವುದು ಇಲ್ಲಿಯೇ.

ಉಳಿಯುವುದು ಹೆಣಿಗೆ: ರಾಗದ ಕೆಳಗೆ ಮತ್ತು ನಡುವೆ ಉಳಿದ ವಾದ್ಯಗಳು ಏನು ಮಾಡುತ್ತಿವೆ ಎಂಬುದು. ಕೇಳುಗ ಇದನ್ನು ಗುನುಗುವುದಿಲ್ಲ, ಜಾಹೀರಾತಿನವರು ಇದನ್ನು ಎತ್ತಿಕೊಳ್ಳುವುದಿಲ್ಲ. ಬರೆದವನ ಅಭ್ಯಾಸಗಳು ಹೆಚ್ಚಾಗಿ ಉಳಿದುಕೊಳ್ಳುವುದು ಈ ಜಾಗದಲ್ಲಿ.

ಮಾಸ್ತರರು ಇಯರ್‌ಫೋನ್ ಹಾಕಿಕೊಂಡು ರಾಗವನ್ನು ಬೇಕೆಂದೇ ಕೈಬಿಟ್ಟು, ಎಲ್ಲಕ್ಕಿಂತ ಕೆಳಗಿನ ದನಿಯನ್ನಷ್ಟೇ ಹಿಂಬಾಲಿಸಿದರು. ಸಣ್ಣ ಸ್ಪೀಕರಿನಲ್ಲಿ ಅದು ಕೇಳಿಸಿರಲೇ ಇಲ್ಲ. ಬೇಸ್ ಗಿಟಾರಿನ ಸಾಮಾನ್ಯ ಕೆಲಸವೆಂದರೆ ಷಡ್ಜವನ್ನೋ ಪಂಚಮವನ್ನೋ ಒತ್ತಿ ಹಿಡಿದು ತಾಳಕ್ಕೆ ಆಧಾರ ಕೊಡುವುದು. ಇಲ್ಲಿ ಅದು ಮೆಟ್ಟಿಲಿಳಿದು ಹತ್ತಿ, ರಾಗ ನಿಂತಲ್ಲಿ ತಾನು ನಡೆದು, ರಾಗ ಓಡಿದಲ್ಲಿ ತಾನು ನಿಲ್ಲುತ್ತಿತ್ತು. ಆ ಸ್ವರಗಳನ್ನು ಪೇಟಿಯ ಮೇಲೆ ಬಿಡಿಯಾಗಿ ನುಡಿಸಿದಾಗ ಇನ್ನೊಂದು ಧಾಟಿಯೇ ಹೊರಬಂದಿತು. ಅನಂತರ ಅವರು ಪಿಟೀಲುಗಳಿಗೆ ಕಿವಿಗೊಟ್ಟರು. ಮುಖ್ಯ ಧಾಟಿ ದೀರ್ಘಸ್ವರದಲ್ಲಿ ವಿಶ್ರಮಿಸುವಾಗ, ಅದರ ಕೆಳಗೆ ಮತ್ತೊಂದು ತಂತಿಗುಂಪು ತನ್ನದೇ ದಾರಿಯಲ್ಲಿ ಚಲಿಸುತ್ತಿತ್ತು.

ಈ ಎರಡು ಲಕ್ಷಣಗಳಿಂದಲೇ ಹಲವು ದೊಡ್ಡ ಹೆಸರುಗಳು ಹಿಂದೆ ಸರಿಯುತ್ತವೆ. 'ಗಂಧದ ಗುಡಿ' (1973), 'ಎರಡು ಕನಸು' (1974) ಚಿತ್ರಗಳ ರಾಜನ್-ನಾಗೇಂದ್ರರಲ್ಲಿ ರಾಗವೇ ಅರಸು. ಗಾಯಕ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಪಿಟೀಲುಗಳೆಲ್ಲ ಒಂದೇ ಸಾಲಿನಲ್ಲಿ ಬಂದು ಉತ್ತರ ಕೊಟ್ಟು ಹಿಂದೆ ಸರಿಯುವುದು ಅವರಲ್ಲಿ ಹೆಚ್ಚು. ಅದು ಕಡಿಮೆಯ ಕಲೆಯಲ್ಲ, ಬೇರೆಯ ಕಲೆ. ಪುಣೆಯ ಭಾಸ್ಕರ ಚಂದಾವರಕರ್ ಅವರ ಹೆಸರು ಗಡಿಯ ಈ ಕಡೆಯವರಿಗೆ ಸಹಜವಾಗಿ ನೆನಪಾಗುತ್ತದೆ. ಮರಾಠಿಯ 'ಸಾಮನಾ'ಕ್ಕೂ ಕನ್ನಡದ 'ಒಂದಾನೊಂದು ಕಾಲದಲ್ಲಿ'ಗೂ ಸಂಗೀತ ಕೊಟ್ಟವರು ಅವರು. ಆದರೆ ತುಂಬಿದ ತಂತಿಗುಂಪಿಗಿಂತ ಕೆಲವೇ ವಾದ್ಯಗಳ, ರಂಗಭೂಮಿಗೆ ಹತ್ತಿರವಾದ ಮಿತವ್ಯಯ ಅವರ ದಾರಿ. ಇನ್ನು ಕಾಲದ ದೃಷ್ಟಿಯಿಂದ, 'ಪ್ರೇಮಲೋಕ'ದಲ್ಲಿ (1987) ಹಂಸಲೇಖ ಅವರು ತಂದ ಕೀಬೋರ್ಡು ಮತ್ತು ವಿದ್ಯುತ್ ತಾಳವಾದ್ಯಗಳ ಜಗತ್ತು ಈ ತುಣುಕಿನ ಹತ್ತಿರವೂ ಇಲ್ಲ. ಇಲ್ಲಿ ಎಲ್ಲವೂ ಮನುಷ್ಯರ ಕೈಯಿಂದ ಒಟ್ಟಿಗೆ ನುಡಿದದ್ದು. ಸಾಲಿನ ಕೊನೆಯಲ್ಲಿ ಲಯ ಕೂದಲೆಳೆಯಷ್ಟು ಸಡಿಲಗೊಂಡು ಮತ್ತೆ ಕೂಡಿಕೊಳ್ಳುತ್ತದೆ. ಮೋಟಾರಿನ ದೋಷವಾಗಿದ್ದರೆ ಶ್ರುತಿಯೂ ಜೊತೆಗೆ ಕುಸಿಯಬೇಕಿತ್ತು. ಇಲ್ಲಿ ಲಯ ಸಡಿಲಿದರೂ ಶ್ರುತಿ ಕದಲುವುದಿಲ್ಲ.

ಹೀಗೆ ಉಳಿದವರು ಇಬ್ಬರು: ಸಲಿಲ್ ಚೌಧರಿ ಮತ್ತು ಇಳಯರಾಜಾ. ಸಲಿಲ್ ಚೌಧರಿಯವರು ಬಾಲು ಮಹೇಂದ್ರರ ಕನ್ನಡ ಚಿತ್ರ 'ಕೋಕಿಲ'ಕ್ಕೆ (1977) ಸಂಗೀತ ಕೊಟ್ಟವರು. ಪಾಶ್ಚಾತ್ಯ ಸಂಗೀತದ ಬಹುಧ್ವನಿ ಹೆಣಿಗೆಯನ್ನು ಭಾರತೀಯ ಧಾಟಿಗೆ ಒಗ್ಗಿಸಿದವರಲ್ಲಿ ಅವರು ಹಿರಿಯರು. ಇಳಯರಾಜಾ ಅವರೂ ಮದ್ರಾಸಿನಲ್ಲಿ ಧನರಾಜ್ ಮಾಸ್ಟರರಲ್ಲಿ ಅದೇ ವಿದ್ಯೆಯನ್ನು ಕಲಿತರು. ಸ್ವತಂತ್ರ ನಿರ್ದೇಶಕರಾಗುವ ಮೊದಲು ಸಲಿಲ್ ಅವರಿಗೂ ಗಿಟಾರ್ ನುಡಿಸಿದ್ದರು. ಆದ್ದರಿಂದ ಈ ಇಬ್ಬರನ್ನು ಬೇರ್ಪಡಿಸುವಾಗ ಅನೇಕ ಒಳ್ಳೆಯ ಕಿವಿಗಳು ಎಡವುತ್ತವೆ.

ಮಾಸ್ತರರು ಹಿಡಿದ ದಾರಿ ಸರಳವಾದದ್ದು. ಹೆಣಿಗೆಯನ್ನು ತೆಗೆದುಹಾಕಿ ರಾಗವೊಂದನ್ನೇ ಪೇಟಿಯ ಮೇಲೆ ನುಡಿಸಿ ನೋಡಿದರು. ಸಲಿಲ್ ಅವರ ಧಾಟಿಗಳು ಸ್ವತಃ ದೊಡ್ಡ ಜಿಗಿತಗಳನ್ನು ತೆಗೆದುಕೊಳ್ಳುತ್ತವೆ. ಹಾಡುವವನು ಮುಂದಿನ ಸ್ವರವನ್ನು ಊಹಿಸಲಾರ. ಸಂಕೀರ್ಣತೆ ರಾಗದ ಮೈಯಲ್ಲಿಯೇ ಇರುತ್ತದೆ, ಕೆಳಗಿನ ಬೇಸ್ ಅದನ್ನು ಹೊತ್ತು ನಡೆಯುತ್ತದೆ. ಈ ತುಣುಕಿನ ರಾಗವಾದರೋ ಮಕ್ಕಳೂ ಒಂದೇ ಸಲಕ್ಕೆ ಗುನುಗುವಷ್ಟು ಸರಳ; ಜಾಹೀರಾತಿಗೆ ಒದಗಿದ್ದೂ ಅದಕ್ಕಾಗಿಯೇ. ಸಂಕೀರ್ಣತೆಯೆಲ್ಲ ಅದರ ಕೆಳಗೆ ಅಡಗಿದೆ. ಸರಳವಾದ ಧಾಟಿಯ ಕೆಳಗೆ ಹಾಡುವ ಬೇಸ್ ಗಿಟಾರನ್ನು ಮುಂದಕ್ಕೆ ತಂದಿರಿಸುವುದು, ಅಂದಿನ ದಕ್ಷಿಣದ ಚಿತ್ರಸಂಗೀತದಲ್ಲಿ, ಇಳಯರಾಜಾ ಅವರ ರುಜುವಿನಂತೆ ಇತ್ತು.

ಇದನ್ನು ಒಪ್ಪಿದರೆ ಕಾಲದ ಇನ್ನೊಂದು ಅಂಚೂ ಸಿಗುತ್ತದೆ. ಅವರ ಮೊದಲ ಚಿತ್ರ ತಮಿಳಿನ 'ಅನ್ನಕ್ಕಿಳಿ', 1976ರದು. ಆಗಿನಿಂದ 1984ರವರೆಗೆ ಅವರು ಸಂಗೀತ ಕೊಟ್ಟ ಕನ್ನಡ ಚಿತ್ರಗಳು ಕೆಲವೇ: 'ಮಾತು ತಪ್ಪದ ಮಗ', 'ಜನ್ಮ ಜನ್ಮದ ಅನುಬಂಧ', 'ಗೀತಾ', 'ನೀ ನನ್ನ ಗೆಲ್ಲಲಾರೆ', 'ಭಾರೀ ಭರ್ಜರಿ ಬೇಟೆ', 'ಪಲ್ಲವಿ ಅನುಪಲ್ಲವಿ' ಮೊದಲಾದವು. ಮುಂದಿನದು ತಾಳ್ಮೆಯ ಕೆಲಸ. ಮಾಸ್ತರರು ಅವುಗಳನ್ನು ಒಂದೊಂದಾಗಿ ತರಿಸಿ ನೋಡತೊಡಗಿದರು. 1983ರ 'ಪಲ್ಲವಿ ಅನುಪಲ್ಲವಿ'ಯಲ್ಲಿ, ಅಂದರೆ ಮಣಿರತ್ನಂ ಅವರ ಮೊದಲ ಚಿತ್ರದಲ್ಲಿ, ಆ ಧಾಟಿ ದೃಶ್ಯದಿಂದ ದೃಶ್ಯಕ್ಕೆ ಮರಳಿ ಬರುತ್ತಿರುವುದು ಕೇಳಿಸಿತು. ಮೊಮ್ಮಗ ಪಕ್ಕದಲ್ಲಿಯೇ ಕುಳಿತಿದ್ದ. ಮಹಾರಾಷ್ಟ್ರದ ಅಂಗಡಿ, ಬಸ್ಸುಗಳಲ್ಲೆಲ್ಲ ಮೊಳಗಿದ ಧಾಟಿ ಮೊದಲು ಒಂದು ಕನ್ನಡ ಚಿತ್ರಕ್ಕಾಗಿ ಹುಟ್ಟಿತ್ತು ಎಂಬುದನ್ನು ಅವನು ಮರುದಿನ ಜತ್ತದ ಶಾಲೆಯಲ್ಲಿ ಮರಾಠಿಯಲ್ಲಿ ಹೇಳಿ ಬಂದನಂತೆ.

ವಿಚಿತ್ರವೆಂದರೆ, ಆ ಚಿತ್ರದ ಛಾಯಾಗ್ರಾಹಕರು 'ಕೋಕಿಲ'ದ ನಿರ್ದೇಶಕ ಬಾಲು ಮಹೇಂದ್ರರೇ. ಚಿತ್ರದ ಮೈಬಣ್ಣವನ್ನು ನಂಬಿ ಊಹಿಸಹೊರಟವರಿಗೆ ಸಲಿಲ್ ಅವರ ಹೆಸರೇ ಮೊದಲು ಹೊಳೆದರೆ ಆಶ್ಚರ್ಯವಿಲ್ಲ.

ಈ ವಿಧಾನ ಎಲ್ಲಿ ಕೈಕೊಡುತ್ತದೆ ಎಂಬುದಕ್ಕೂ ಕನ್ನಡ ಚಿತ್ರಸಂಗೀತದಲ್ಲಿಯೇ ಉದಾಹರಣೆ ಇದೆ. 'ಕಸ್ತೂರಿ ನಿವಾಸ', 'ಬಂಗಾರದ ಮನುಷ್ಯ'ಗಳ ಜಿ.ಕೆ. ವೆಂಕಟೇಶ್ ಅವರ ಬಳಿ ಇಳಯರಾಜಾ 1976ಕ್ಕೆ ಮೊದಲು ಸಹಾಯಕರಾಗಿದ್ದರು. ವೆಂಕಟೇಶ್ ಹಾಕಿಕೊಟ್ಟ ರಾಗದ ರೇಖೆಗಳಿಗೆ ವಾದ್ಯಗಳನ್ನು ಹಂಚಿ ತುಂಬುವುದು ಅವರ ಕೆಲಸಗಳಲ್ಲೊಂದಾಗಿತ್ತು. ಆ ಅವಧಿಯ ಚಿತ್ರವೊಂದರ ಹಿನ್ನೆಲೆಯಲ್ಲಿ ಪಿಟೀಲುಗಳು ಇದ್ದಕ್ಕಿದ್ದಂತೆ ಎರಡು ದಾರಿಯಾಗಿ ಕವಲೊಡೆದರೆ, ಕೇಳುಗನ ಕಿವಿ ಒಂದು ಹೆಸರನ್ನು ಹೇಳುತ್ತದೆ, ಶೀರ್ಷಿಕೆಯ ಫಲಕ ಇನ್ನೊಂದನ್ನು. ಎರಡೂ ಸುಳ್ಳಲ್ಲ. ಹೆಣಿಗೆ ತೋರಿಸುವುದು ಬರೆದ ಕೈಯನ್ನು. ಆ ಕೈ ಯಾರ ಮನೆಯಲ್ಲಿ ಕುಳಿತು, ಯಾರ ರಾಗಕ್ಕೆ ಬರೆಯಿತು ಎಂಬುದನ್ನು ಅದು ತೋರಿಸಲಾರದು. ಆ ವರ್ಷಗಳ ತುಣುಕು ಎದುರಾದಾಗ ಮಾಸ್ತರರು ಕ್ಯಾಸೆಟ್ಟಿನ ಚೀಟಿಯ ಮೇಲೆ ವೆಂಕಟೇಶ್ ಅವರ ಹೆಸರನ್ನು ಮಸಿಯಲ್ಲಿ ಬರೆದು, ಅದರ ಕೆಳಗೆ ಇನ್ನೊಂದು ಹೆಸರನ್ನು ಸೀಸದಕಡ್ಡಿಯಿಂದ ಗುರುತು ಹಾಕಿಡುತ್ತಾರೆ.