ನೋಡೂಣಂತ

ನಮ್ಮ ರಾಯಚೂರು ಸೀಮೆಯಲ್ಲಿ ‘ನೋಡೂಣಂತ’ ಎಂಬ ಒಂದು ಮಾತಿದೆ. ಹೆಣ್ಣು ನೋಡಲು ಬಂದವರು ಅವಲಕ್ಕಿ ತಿಂದು ಏಳುವಾಗ ಅದನ್ನು ಆಡಿದರೆ ಒಂದು ಅರ್ಥ; ಕೈಗಡ ಕೇಳಲು ಹೋದವನಿಗೆ ಸಾಹುಕಾರ ಆಡಿದರೆ ಇನ್ನೊಂದು. ಇಲ್ಲವೆನ್ನಲು ಮನಸ್ಸಿಲ್ಲದವರಿಗೂ, ಹೌದೆನ್ನಲು ಅಧಿಕಾರವಿಲ್ಲದವರಿಗೂ ಅದು ಸಮನಾಗಿ ಒದಗುವ ಮಾತು. ಐ.ಟಿ.ಐ.ಯಲ್ಲಿ ಹುಡುಗರಿಗೆ ಅರ ಹಿಡಿಯುವುದನ್ನು ಕಲಿಸುತ್ತ ನಾನು ಬಹಳ ವರ್ಷ ಕಳೆದವನು. ಅಪ್ರೆಂಟಿಸ್ ಅವಧಿ ಮುಗಿಯುತ್ತ ಬಂದ ಹುಡುಗರ ಕಿವಿಗೆ ಈ ಮಾತು ಎಷ್ಟು ಸಿಹಿಯಾಗಿ ಬೀಳುತ್ತದೆಂಬುದನ್ನು ಕಂಡಷ್ಟು ಬೇರೇನನ್ನೂ ಕಂಡಿಲ್ಲ.

ಮಸ್ಕಿಯಲ್ಲಿರುವ ನನ್ನ ತಂಗಿಯ ಮಗ ಸಿಂಧನೂರಿನ ಒಂದು ಟ್ರ್ಯಾಕ್ಟರ್ ವರ್ಕ್‌ಶಾಪಿನಲ್ಲಿ ಒಂದು ವರ್ಷದ ಅಪ್ರೆಂಟಿಸ್ ಆಗಿದ್ದ. ಕರಾರು ಅಕ್ಟೋಬರ್ ಕೊನೆಗೆ ಮುಗಿಯುವುದು. ಸೆಪ್ಟೆಂಬರ್ ಮೊದಲ ವಾರದ ಒಂದು ಸಂಜೆ ನನ್ನ ಮನೆಗೆ ಬಂದು, ಚಹಾ ಆರುವವರೆಗೂ ಸುಮ್ಮನೆ ಕುಳಿತು, ಆಮೇಲೆ ಬಾಯಿ ಬಿಟ್ಟ: “ಮಾಮಾ, ಮೇಸ್ತ್ರಿಗೆ ಕೇಳೀನ್ರಿ, ಖಾಯಂ ಮಾಡ್ಕೋತೀರೇನ್ರಿ ಅಂತ. ನೋಡೂಣಂತ ಅಂದ್ರು.”

“ಮೇಸ್ತ್ರಿ ಯಾರ್ನರ ಇಲ್ಲೀತನಕಾ ನೌಕರಿಗೆ ತಗೊಂಡಾನೇನಪಾ?” ಎಂದೆ.

“ಇಲ್ರಿ. ಅದೆಲ್ಲಾ ಮಾಲಕರು.”

“ಹಂಗಾರ ಮೇಸ್ತ್ರಿ ಏನ್ ನೋಡ್ತಾನ?”

ಹುಡುಗ ನಕ್ಕ. ಕರಾರಿನ ಪತ್ರ ಎಲ್ಲಿ ಎಂದು ಕೇಳಿದೆ. ಅದನ್ನವನು ತೆರೆದು ಓದಿರಲಿಲ್ಲ. ಇದರಲ್ಲಿ ಆಶ್ಚರ್ಯವೇನಿಲ್ಲ, ಸಹಿ ಹಾಕಿದ ಕಾಗದವನ್ನು ಓದುವ ಪದ್ಧತಿ ನಮ್ಮಲ್ಲಿ ಇನ್ನೂ ಬರಬೇಕಾಗಿದೆ. ಆದರೆ ಈ ಕಾಗದವನ್ನು ಓದಲೇಬೇಕಾದ ಕಾರಣವೊಂದಿದೆ. 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಅಪ್ರೆಂಟಿಸ್ ಕಲಿಯುವವನು, ಕಾರ್ಮಿಕನಲ್ಲ. ಅವಧಿ ತೀರಿದ ದಿನ ಕರಾರು ತಾನಾಗಿ ಮುಗಿಯುತ್ತದೆ. ತೆಗೆದುಹಾಕಿದರೆಂದು ಯಾರ ಮುಂದೆಯೂ ಅಳುವಂತಿಲ್ಲ. ಆದರೆ ಅದೇ ಕಾಯಿದೆಯ 22ನೆಯ ಕಲಮಿನಲ್ಲಿ ಎರಡು ಸಂಗತಿಗಳಿವೆ. ಕಲಿಕೆ ಮುಗಿದ ಮೇಲೆ ಇಲ್ಲಿಯೇ ನೌಕರಿ ಮಾಡತಕ್ಕದ್ದೆಂದು ಕರಾರಿನಲ್ಲಿ ಬರೆದಿದ್ದರೆ ಮಾಲಿಕನು ತಕ್ಕ ಕೆಲಸ ಕೊಡಲು ಬದ್ಧ, ಹುಡುಗನು ಮಾಡಲು ಬದ್ಧ. ಹಾಗೆ ಬರೆದಿಲ್ಲವಾದರೆ ಇಬ್ಬರಿಗೂ ಬಂಧನವಿಲ್ಲ. ಎರಡನೆಯದು 2014ರ ತಿದ್ದುಪಡಿಯಲ್ಲಿ ಸೇರಿದ್ದು: ತನ್ನಲ್ಲಿ ಕಲಿತವರನ್ನು ನೌಕರಿಗೆ ತೆಗೆದುಕೊಳ್ಳುವ ಬಗ್ಗೆ ಪ್ರತಿಯೊಬ್ಬ ಮಾಲಿಕನೂ ತನ್ನದೊಂದು ನೀತಿಯನ್ನು ರೂಪಿಸಿಕೊಳ್ಳಬೇಕು. ಆದ್ದರಿಂದ ‘ನಿಮ್ಮ ನೀತಿಯೇನು?’ ಎಂದು ಕೇಳುವುದು ಭಿಕ್ಷೆ ಬೇಡಿದಂತಲ್ಲ. ಕಾಯಿದೆಯೇ ಕೇಳಿದ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದಂತೆ.

ಪತ್ರದಲ್ಲಿ ಅಂಥ ಷರತ್ತು ಇರಲಿಲ್ಲ. ಹಾಗಾದರೆ ಕೇಳುವ ಬಗೆಯನ್ನು ಬದಲಿಸಬೇಕಾಯಿತು. ‘ಖಾಯಂ ಮಾಡ್ಕೋತೀರೇನ್ರಿ’ ಎಂಬ ಪ್ರಶ್ನೆಗೆ ‘ನೋಡೂಣಂತ’ ಎಂದಲ್ಲದೆ ಬೇರೆ ಉತ್ತರವೇ ಬರಲಾರದು. ಅದರ ಬದಲು ಮೂರು ಮಾತು ಕೇಳು ಎಂದೆ: ನವೆಂಬರಿನಲ್ಲಿ ಮೆಕ್ಯಾನಿಕರ ಜಾಗ ಖಾಲಿ ಇದೆಯೇ, ಇದ್ದರೆ ಯಾರು ನಿಶ್ಚಯಿಸುತ್ತಾರೆ, ಯಾವ ತಾರೀಖಿನೊಳಗೆ ತಿಳಿಯುತ್ತದೆ. ಈ ಮೂರಕ್ಕೂ ಸಂಖ್ಯೆ, ಹೆಸರು, ತಾರೀಖುಗಳಲ್ಲಿ ಉತ್ತರ ಬರಬೇಕಾಗುತ್ತದೆ. ಬರದಿದ್ದರೆ ಅದೇ ಉತ್ತರ. ಜೊತೆಗೆ ತಾನೊಬ್ಬನೇ ಬಿಚ್ಚಿ ಜೋಡಿಸಿದ ಕ್ಲಚ್ಚುಗಳ, ಹೈಡ್ರಾಲಿಕ್ ಲಿಫ್ಟುಗಳ ಲೆಕ್ಕವನ್ನು ದಿನಚರಿ ಪುಸ್ತಕದಿಂದ ಒಂದು ಹಾಳೆಗೆ ಇಳಿಸಿಕೊಂಡು ಹೋಗು ಎಂದೆ. ಮಾಲಿಕನಿಗೆ ಹುಡುಗನ ಗುಣಕ್ಕಿಂತ, ಅವನು ಹೋದರೆ ಯಾವ ಕೆಲಸ ನಿಲ್ಲುತ್ತದೆಂಬುದು ಬೇಗ ತಿಳಿಯುತ್ತದೆ.

ಕೇಳುವ ಕಾಲವೂ ಮುಖ್ಯ. ಸಿಂಧನೂರಿನಲ್ಲಿ ಅದನ್ನು ನಿಶ್ಚಯಿಸುವುದು ಪಂಚಾಂಗವಲ್ಲ, ತುಂಗಭದ್ರಾ ಎಡದಂಡೆ ಕಾಲುವೆ. ಕಾಲುವೆಗೆ ನೀರು ಬಿಟ್ಟಾಗ ಗದ್ದೆಯಲ್ಲಿ ರೊಳ್ಳಿ ಹೊಡೆಯುವ ಟ್ರ್ಯಾಕ್ಟರುಗಳು ಕೆಸರು ತುಂಬಿಕೊಂಡು ವರ್ಕ್‌ಶಾಪಿನ ಮುಂದೆ ಸಾಲುಗಟ್ಟುತ್ತವೆ. ಎರಡನೆಯ ಬೆಳೆಗೆ ನೀರಿಲ್ಲವೆಂದರೆ ಅದೇ ವರ್ಕ್‌ಶಾಪಿನಲ್ಲಿ ಮೇಸ್ತ್ರಿ ಇಸ್ಪೀಟು ಹಾಕುತ್ತಾನೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಇಲ್ಲಿ ರೈತರಷ್ಟೇ ನಿದ್ದೆಗೆಟ್ಟರೆಂದು ತಿಳಿಯಬಾರದು. ಆದಕಾರಣ ಕೊನೆಯ ವಾರದಲ್ಲಿ ಕೇಳುವುದು ತಡ. ಎರಡು ತಿಂಗಳು ಮುಂಚೆ, ಕೈತುಂಬ ಕೆಲಸವಿರುವಾಗ, ಆದರೆ ಅಂಗಡಿ ತೆರೆಯುವ ಮುಂಜಾನೆಯ ಹೊತ್ತಿನಲ್ಲಿ ಕೇಳಬೇಕು.

ಹುಡುಗ ಹೋಗಿ ಮಾಲಿಕರನ್ನೇ ಕೇಳಿದ. ಅವರು ಹಾಳೆಯನ್ನು ಎರಡು ಸಲ ಓದಿದರಂತೆ. ಜಾಗವಿಲ್ಲ, ಎರಡನೆಯ ಬೆಳೆಯ ನೀರಿನ ಸುದ್ದಿ ತಿಳಿಯುವವರೆಗೆ ಹೊಸಬರನ್ನು ತೆಗೆದುಕೊಳ್ಳುವುದಿಲ್ಲ ಎಂದರು. ಬೇಕಾದರೆ ಈಗಿನ ಹಾಗೆಯೇ, ಈಗಿನ ಸ್ಟೈಪೆಂಡಿಗೇ, ಇನ್ನಾರು ತಿಂಗಳು ಇರು ಎಂದೂ ಸೇರಿಸಿದರು.

ಹುಡುಗನಿಗೆ ಆಸೆ. ನಾನು ಬೇಡವೆಂದೆ. ಕರಾರು ಮುಗಿದ ಮರುದಿನ ಅದೇ ಸ್ಪ್ಯಾನರು ಹಿಡಿದವನು ಅಪ್ರೆಂಟಿಸ್ ಅಲ್ಲ. ಅವನಿಗೆ ಕನಿಷ್ಠ ಕೂಲಿಯ ನಿಯಮ ತಗಲುತ್ತದೆ, ಬರೆದ ನೇಮಕದ ಪತ್ರ ಬೇಕಾಗುತ್ತದೆ. ನಿಜವಾಗಿ ನೌಕರಿಗೆ ತೆಗೆದುಕೊಂಡರೋ ಇಲ್ಲವೋ ಎಂದು ತಿಳಿಯಲು ಪಗಾರದ ಚೀಟಿಯನ್ನು ನೋಡಿದರೆ ಸಾಕು: ಅಪ್ರೆಂಟಿಸನಿಗೆ ಪಿ.ಎಫ್. ಕಡಿತವಿರುವುದಿಲ್ಲ. ಪಿ.ಎಫ್. ನಿಯಮಕ್ಕೆ ಒಳಪಟ್ಟ ಅಂಗಡಿಯಲ್ಲಿ ‘ಖಾಯಂ ಆಯ್ತು’ ಎಂದು ಪೇಢೆ ಹಂಚಿದ ಮೇಲೂ ಚೀಟಿಯಲ್ಲಿ ಆ ಸಂಖ್ಯೆ ಕಾಣದಿದ್ದರೆ ಪೇಢೆ ಮಾತ್ರ ನಿಜ.

ಉಳಿದ ಏಳು ವಾರಗಳನ್ನು ಮುನಿಸಿಕೊಂಡು ಕಳೆಯುವವರೇ ಹೆಚ್ಚು. ಕೆಲಸವಿಲ್ಲವೆಂದರಲ್ಲಾ ಎಂದು ಹಾಜರಿ ತಪ್ಪಿಸುತ್ತಾರೆ. ಹಾಜರಿ ತಪ್ಪಿದರೆ ಅಖಿಲ ಭಾರತ ವೃತ್ತಿ ಪರೀಕ್ಷೆಗೆ ಕೂಡುವುದಕ್ಕೇ ಕುತ್ತು. ಆ ಪರೀಕ್ಷೆ ಪಾಸಾಗಿ ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರ ಕೈಗೆ ಬಂದರೇನೇ ಆ ವರ್ಷಕ್ಕೆ ಬೆಲೆ. ಮಾಲಿಕರು ಮೆಚ್ಚಿ ಬರೆದುಕೊಟ್ಟ ಪತ್ರ ಒಳ್ಳೆಯದೇ, ಆದರೆ ಅದು ಪ್ರಮಾಣಪತ್ರದ ಜಾಗದಲ್ಲಿ ಕೂಡದು. ಹುಡುಗ ಒಂದು ದಿನವೂ ತಪ್ಪಿಸಲಿಲ್ಲ. ಪರೀಕ್ಷೆಗೆ ಹೆಸರು ಹೋಗಿದೆಯೇ ಎಂದು ಬಿಡುವ ಮುಂಚೆಯೇ ನೋಡಿಕೊಂಡ.

ಕಾಗದಗಳ ಇನ್ನೊಂದು ಗಂಟಿಗೆ ನಾವಿಬ್ಬರೂ ಲಿಂಗಸೂಗೂರಿಗೆ ಹೋದೆವು. ನಮ್ಮ ಭಾಗಕ್ಕೆ ಸಹಾಯಕ ಆಯುಕ್ತರ ಕಚೇರಿ ಇರುವುದು ಅಲ್ಲಿ. 371ಜೆ ಪ್ರಮಾಣಪತ್ರಕ್ಕೆ ಆ ಕಚೇರಿಯ ಸಹಿ ಬೇಕು. ಕಲ್ಯಾಣ ಕರ್ನಾಟಕದ ಸರ್ಕಾರಿ ಹುದ್ದೆಗಳಲ್ಲಿ ‘ಸಿ’ ದರ್ಜೆಯವು ನೂರಕ್ಕೆ 80, ‘ಡಿ’ ದರ್ಜೆಯವು 85 ಸ್ಥಳೀಯರಿಗೆ ಮೀಸಲು. ಅರ್ಜಿ ಕರೆದ ಮೇಲೆ ಈ ಪತ್ರಕ್ಕೆ ಓಡಾಡಿ ಕೊನೆಯ ದಿನಾಂಕ ತಪ್ಪಿಸಿಕೊಂಡ ಹುಡುಗರು ನನಗೆ ಬಹಳ ಮಂದಿ ಗೊತ್ತು.

ದಾರಿಯಲ್ಲಿ ಬಸ್ಸು ಮಸ್ಕಿಯಲ್ಲಿ ನಿಂತಾಗ, ಸರ್ಕಾರಿ ಸಂಸ್ಥೆಯಲ್ಲಿ ಅಪ್ರೆಂಟಿಸ್ ಆಗಿದ್ದರೆ ಹೇಗಿರುತ್ತಿತ್ತು ಎಂದು ಹುಡುಗ ಕೇಳಿದ. ಉತ್ತರ ಪ್ರದೇಶದ ಸಾರಿಗೆ ನಿಗಮದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1995ರಲ್ಲಿ ಹೇಳಿದ್ದನ್ನು ತಿಳಿಸಿದೆ: ಮಿಕ್ಕ ಯೋಗ್ಯತೆಗಳು ಸಮನಾಗಿದ್ದರೆ ಹೊರಗಿನವನಿಗಿಂತ ಕಲಿತ ಅಪ್ರೆಂಟಿಸನಿಗೆ ಆದ್ಯತೆ, ವಯಸ್ಸು ಮೀರಿದ್ದು, ನಿಯಮ ಅದರ ಬಗ್ಗೆ ಮೌನವಾಗಿದ್ದರೆ, ಕಲಿಕೆಯ ಅವಧಿಯಷ್ಟು ವಿನಾಯಿತಿ. ಆದರೆ ಅದು ಸರತಿಯಲ್ಲಿ ಒಂದು ಹೆಜ್ಜೆ ಮುಂದೆ ನಿಲ್ಲಿಸುತ್ತದೆಯೇ ಹೊರತು ಕುರ್ಚಿಯಲ್ಲಿ ಕೂಡಿಸುವುದಿಲ್ಲ. ಪರೀಕ್ಷೆ ಬರೆಯುವುದು ತಪ್ಪದು.

“ಅಷ್ಟೇನ್ರಿ?” ಎಂದ.

“ಅಷ್ಟs,” ಎಂದೆ.

ನವೆಂಬರಿನಲ್ಲಿ ಭತ್ತದ ಕೊಯ್ಲು ಸುರುವಾಯಿತು. ಕೊಯ್ಯುವ ಯಂತ್ರಗಳನ್ನು ರಿಪೇರಿ ಮಾಡುವ ಒಬ್ಬರ ಬಳಿ ಈಗ ದಿನಗೂಲಿಗೆ ಇದ್ದಾನೆ. ಕೂಲಿ ಸ್ಟೈಪೆಂಡಿಗಿಂತ ಹೆಚ್ಚು. ಫೆಬ್ರವರಿಯ ಮೇಲೆ ಏನೆಂದು ಮೊದಲ ದಿನವೇ ಅವರನ್ನು ಕೇಳಿದನಂತೆ. ಅವರು ‘ನೋಡೂಣಂತ’ ಎಂದರಂತೆ. ಇವನು ಯಾವ ತಾರೀಖಿಗೆ ಎಂದು ಕೇಳಿದನಂತೆ.