ತಲೆಕೆಳಗಾದವನ ಕಾರ್ಡು: ಅವನು ತಡೆದಿದ್ದಾನೋ, ಬೇಡ ಅಂದಿದ್ದಾನೋ?

ಟ್ಯಾರೋ ಕಟ್ಟಿನ ಹನ್ನೆರಡನೇ ಕಾರ್ಡನ್ನು ನಮ್ಮ ಕನ್ನಡದವರ ಮುಂದೆ ಇಟ್ಟರೆ ಹೆಚ್ಚಿನವರ ಬಾಯಿಂದ ಮೊದಲು ಬರೋ ಮಾತು "ಅಯ್ಯೋ, ಬೇತಾಳ!" ಅಂತ. ಚಂದಮಾಮ ಓದಿ ಬೆಳೆದವರಲ್ಲವೇ, ಮರಕ್ಕೆ ತಲೆಕೆಳಗಾಗಿ ಜೋತುಬಿದ್ದವನನ್ನು ಕಂಡರೆ ಇನ್ನೇನು ನೆನಪಾಗಬೇಕು! ಅದರಲ್ಲೂ ಪ್ರೀತಿಯ ಬಗ್ಗೆ ಕೇಳಿದಾಗ ಈ ಕಾರ್ಡು ಬಿದ್ದರೆ ಮುಗಿದೇ ಹೋಯಿತು, ಎದುರಿಗೆ ಕೂತವರ ಮುಖ ಬಾಡುತ್ತದೆ. 'ಹ್ಯಾಂಗ್ಡ್ ಮ್ಯಾನ್' ಅನ್ನೋ ಹೆಸರೇ ಹಾಗಿದೆ ನೋಡಿ.

ಗಚ್ಚಿಬೌಲಿಗೆ ಬಂದು ನೆಲೆಸಿ ಇಪ್ಪತ್ತು ವರ್ಷ ದಾಟಿತು. ಈ ಕಾರ್ಡು ಹರಡೋದು ನನ್ನ ಕಸುಬಲ್ಲ, ಒಂದು ರೂಪಾಯಿ ತೊಗೊಳ್ಳೋದಿಲ್ಲ. ಆದರೆ ಅಪಾರ್ಟ್‌ಮೆಂಟಿನಲ್ಲಿ, ಬೀದರ, ರಾಯಚೂರು, ಕಲಬುರ್ಗಿ ಕಡೆಯಿಂದ ಕೆಲಸಕ್ಕೆ ಬಂದ ಹುಡುಗ ಹುಡುಗಿಯರಲ್ಲಿ, ವಿಷಯ ಹೇಗೋ ಹರಡಿದೆ. ಭಾನುವಾರ ಸಂಜೆ ಬಾಗಿಲು ತಟ್ಟಿದರೆ ಹತ್ತಕ್ಕೆ ಒಂಬತ್ತು ಸಲ ಪ್ರಶ್ನೆ ಒಂದೇ: "ಅವನು ಮತ್ತೆ ಮಾತಾಡ್ತಾನಾ?" ಅದಕ್ಕೇ ಈ ಒಂದೇ ಕಾರ್ಡಿನ ಬಗ್ಗೆ ಬರೆಯೋಣ ಅನ್ನಿಸಿತು.

ಮೊದಲು ಚಿತ್ರವನ್ನು ಸರಿಯಾಗಿ ನೋಡಿ. ಇವತ್ತು ನಮ್ಮಲ್ಲಿ ಹೆಚ್ಚಾಗಿ ಬಳಸೋದು 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಕಟ್ಟು. ಆರ್ಥರ್ ಎಡ್ವರ್ಡ್ ವೇಟ್ ಹೇಳಿದಂತೆ ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ ಬರೆದ ಚಿತ್ರಗಳು. ಅದರಲ್ಲಿ ಇವನ ಕುತ್ತಿಗೆಗೆ ಹಗ್ಗ ಇಲ್ಲ. ಒಂದು ಕಾಲಿನ ಹರಡಿಗೆ ಮಾತ್ರ ಕಟ್ಟಿದೆ, ಇನ್ನೊಂದು ಕಾಲನ್ನು ಆರಾಮಾಗಿ ಮಡಚಿದ್ದಾನೆ. ಕೈ ಬೆನ್ನ ಹಿಂದೆ. ಮುಖದಲ್ಲಿ ನೋವಿಲ್ಲ, ತಲೆಯ ಸುತ್ತ ನಮ್ಮ ದೇವರ ಪಟಗಳಲ್ಲಿ ಇರುವಂಥ ಪ್ರಭಾವಳಿ. ಅವನು ನೇತಾಡುತ್ತಿರುವ ಮರವೂ ಒಣಗಿದ್ದಲ್ಲ, ಅದರಲ್ಲಿ ಹಸಿರು ಎಲೆಗಳಿವೆ. ವೇಟ್ ಕೂಡ ಇದನ್ನು ಸಾವಿನ ಚಿತ್ರ ಅಂತ ಹೇಳಲಿಲ್ಲ, ತಡೆದು ನಿಂತ ಬದುಕಿನ ಚಿತ್ರ ಎಂದೇ ವಿವರಿಸಿದ. ಸಾವು ಅನ್ನೋ ಕಾರ್ಡು ಬೇರೆಯೇ ಇದೆ, ಅದರ ನಂಬರು ಹದಿಮೂರು.

ಹಾಗಂತ ಹೆದರುವವರದ್ದು ಪೂರಾ ತಪ್ಪು ಅಂತಲೂ ಅಲ್ಲ. ಇಟಲಿಯ ಹಳೆಯ ಕಟ್ಟುಗಳ ಕಾಲದಲ್ಲಿ ಇದೇ ಕಾರ್ಡಿಗೆ 'ದ್ರೋಹಿ' ಎಂಬ ಹೆಸರಿತ್ತು. ದ್ರೋಹ ಬಗೆದವರನ್ನು ಒಂಟಿ ಕಾಲಲ್ಲಿ ತಲೆಕೆಳಗೆ ನೇತುಹಾಕಿದ ಹಾಗೆ ಊರಿನ ಗೋಡೆಗಳ ಮೇಲೆ ಚಿತ್ರ ಬರೆಸಿ ಮಾನ ಕಳೆಯೋ ಪದ್ಧತಿ ಅಲ್ಲಿತ್ತು. ಹೀಗೆ ಒಂದೇ ಚಿತ್ರಕ್ಕೆ ಎರಡು ಚರಿತ್ರೆ. ಅದಕ್ಕೇ ಇದನ್ನು ಒಂಟಿಯಾಗಿ ಓದಬಾರದು. ಎಲ್ಲಿ ಕೂತಿದೆ, ಪಕ್ಕದಲ್ಲಿ ಯಾರಿದ್ದಾರೆ ಅಂತ ನೋಡಿಯೇ ಓದಬೇಕು.

ತಡೆಯುವುದಕ್ಕೂ ತಿರಸ್ಕಾರಕ್ಕೂ ವ್ಯತ್ಯಾಸ ತಿಳಿಯೋ ವಿದ್ಯೆ ನಮ್ಮ ಅಜ್ಜಿಯರಿಗೆ ಚೆನ್ನಾಗಿಯೇ ಗೊತ್ತಿತ್ತು. ಆಷಾಢದಲ್ಲಿ ಹೊಸ ಸೊಸೆ ತವರಿಗೆ ಹೋದರೆ ಯಾರಾದರೂ ಸಂಬಂಧ ಮುರಿಯಿತು ಅಂತಾರಾ? ಇಲ್ಲಿ ಹೈದರಾಬಾದಿನಲ್ಲೂ ಅದೇ. ಬೋನಾಲು ನಡೆಯೋ ತಿಂಗಳು, ಮದುವೆ ಮಾತಿಲ್ಲ, ಶ್ರಾವಣಕ್ಕೆ ಮತ್ತೆ ಶುರು. ಕಾರಣ ಎಲ್ಲರಿಗೂ ಗೊತ್ತು, ಗಡುವೂ ಗೊತ್ತು. ಅದೇ ಹೆಣ್ಣು ನೋಡಿ, ಉಪ್ಪಿಟ್ಟು ತಿಂದು, "ಊರಿಗೆ ಹೋಗಿ ತಿಳಿಸ್ತೀವಿ" ಅಂತ ಎದ್ದು ಹೋದವರಿದ್ದಾರಲ್ಲ, ಅವರಿಗೆ ಕಾರಣವೂ ಇಲ್ಲ, ಗಡುವೂ ಇಲ್ಲ. ಅವರ ಕಾಗದಕ್ಕೆ ಅಜ್ಜಿ ಕಾಯುತ್ತಲೇ ಇರಲಿಲ್ಲ! ಕಾರ್ಡಿನಲ್ಲೂ ಹುಡುಕಬೇಕಾದ್ದು ಇದನ್ನೇ. ಕಾಲಿಗೆ ಕಟ್ಟಿದ ಹಗ್ಗ ಕಾಣುತ್ತಿದೆಯಾ? ಅದು ಬಿಚ್ಚುವ ಲಕ್ಷಣ ಇದೆಯಾ?

ಈಗ ಒಂದು ಉದಾಹರಣೆ. ಬೀದರ ಕಡೆಯ ಹುಡುಗಿ, ಫೈನಾನ್ಷಿಯಲ್ ಡಿಸ್ಟ್ರಿಕ್ಟಿನಲ್ಲಿ ಕೆಲಸ. ನಾಲ್ಕು ವರ್ಷದಿಂದ ಗೊತ್ತಿದ್ದ ಹುಡುಗ, ಎರಡೂ ಮನೆಯಲ್ಲಿ ಒಪ್ಪಿಗೆ ಬೇರೆ ಆಗಿತ್ತು. ಅಷ್ಟರಲ್ಲಿ ಹುಡುಗನ ಅಪ್ಪ ತೀರಿಹೋದರು. ಆಮೇಲೆ ಫೋನು ಕಮ್ಮಿ, ಮದುವೆ ಮಾತು ಬಂದ್. "ಮೌಶಿ, ಕೇಳಿದ್ರ ಸ್ವಲ್ಪ ತಡಿ ಅಂತಾನ. ಇದು ಬ್ಯಾಡ ಅನ್ನೋದ್ನ ಸವಕಾಶ ಹೇಳೋ ರೀತಿ ಏನು?" ಅಂತ ಅವಳ ಪ್ರಶ್ನೆ.

ನಾನು ಹರಡೋದು ಐದು ಕಾರ್ಡು. ಮೊದಲನೆಯದು ಕೇಳುವವರು, ಎರಡನೆಯದು ಎದುರಿನವರು, ಮೂರನೆಯದು ಇಬ್ಬರ ನಡುವೆ ಇರುವುದು, ನಾಲ್ಕನೆಯದು ಅಡ್ಡಿ, ಐದನೆಯದು ಮುಂದಿನ ದಾರಿ. ಅವಳ ಜಾಗದಲ್ಲಿ ಕತ್ತಿಗಳ ಒಂಬತ್ತು ಬಂತು. ನಡುರಾತ್ರಿ ಹಾಸಿಗೆಯಲ್ಲಿ ಎದ್ದು ಕೂತು ಮುಖ ಮುಚ್ಚಿಕೊಂಡವಳ ಚಿತ್ರ ಅದು. ಎರಡನೆಯದರಲ್ಲಿ ನಮ್ಮ ನೇತಾಡುವವ. ಹುಡುಗಿಯ ಕಣ್ಣಲ್ಲಿ ಆಗಲೇ ನೀರು. "ತಡಿ ತಾಯಿ, ಇನ್ನೂ ಮೂರು ಅದಾವ" ಅಂದೆ. ನಡುವೆ ಬಟ್ಟಲುಗಳ ಆರು, ಚಿಕ್ಕ ಹುಡುಗಿಗೆ ಹೂವಿನ ಬಟ್ಟಲು ಕೊಡುತ್ತಿರುವ ಹುಡುಗ, ಹಳೆಯ ಅಕ್ಕರೆ. ಅಡ್ಡಿಯ ಜಾಗದಲ್ಲಿ ಕೋಲುಗಳ ಹತ್ತು, ಹತ್ತು ಕೋಲಿನ ಹೊರೆ ಹೊತ್ತು ಬಗ್ಗಿ ನಡೆಯುತ್ತಿರುವವ. ಕೊನೆಯದಕ್ಕೆ ನಾಣ್ಯಗಳ ಏಳು, ಗುದ್ದಲಿಗೆ ಗದ್ದ ಊರಿ ಬೆಳೆ ನೋಡುತ್ತ ನಿಂತ ರೈತ.

ನಾನು ಓದಿದ್ದು ಹೀಗೆ. ನೇತಾಡುತ್ತಿರುವುದು ಅವನು. ಹಗ್ಗ ಯಾವುದು ಅಂತ ನಾಲ್ಕನೇ ಕಾರ್ಡು ಹೇಳುತ್ತಿದೆ: ಅಪ್ಪನ ನಂತರ ಮನೆಯ ಹೊರೆ. ಐದರಲ್ಲಿ ಒಂದೂ ಬಿಟ್ಟುಹೋಗುವುದನ್ನು ಹೇಳುವ ಕಾರ್ಡಲ್ಲ. ಕೊನೆಯ ರೈತ ಹೊಲ ಬಿಟ್ಟಿಲ್ಲ, ಬೆಳೆ ಮಾಗಲಿ ಅಂತ ನಿಂತಿದ್ದಾನೆ. ಹಾಗಾಗಿ ಇದು ತಡೆ. ಆದರೆ ಅಷ್ಟಕ್ಕೇ ಬಿಡಬಾರದು, ಕಾರ್ಡು ಹೇಳಿದ್ದನ್ನು ಬದುಕಿನಲ್ಲಿ ಒರೆಗೆ ಹಚ್ಚಬೇಕು. "ಒಂದ ಸಲ, ಜಗಳ ಇಲ್ದಂಗ ಕೇಳು. ಯಾಕ ತಡೀಬೇಕು, ಎಲ್ಲೀ ತನಕ ತಡೀಬೇಕು, ಇವೆರಡಾ ಪ್ರಶ್ನಿ" ಅಂತ ಹೇಳಿ ಕಳಿಸಿದೆ. ಅವನು ಕೊಟ್ಟ ಉತ್ತರ: ವರ್ಷಾಂತಿಕ ಆಗೋತನಕ ಅಮ್ಮನ ಮುಂದೆ ಮದುವೆ ಮಾತು ಎತ್ತಲಾರೆ, ತಂಗಿಯ ಕಾಲೇಜು ಫೀ ನನ್ನ ಮೇಲಿದೆ, ವರ್ಷಾಂತಿಕ ಮುಗಿದ ತಿಂಗಳೇ ನಿಮ್ಮ ಮನೆಗೆ ಬರ್ತೀವಿ. ಕಾರಣ ಇದೆ, ಗಡುವಿದೆ. ಇದು ಆಷಾಢದ ಜಾತಿಯದ್ದು.

ಇನ್ನೊಬ್ಬಳ ಕಥೆ ಹೀಗಿರಲಿಲ್ಲ. ಅವಳಿಗೂ ಇದೇ ಕಾರ್ಡು ಬಂತು, ಆದರೆ ಮೊದಲ ಜಾಗದಲ್ಲಿ, ಅಂದರೆ ಅವಳದ್ದೇ ಜಾಗದಲ್ಲಿ. ಹುಡುಗನ ಜಾಗದಲ್ಲಿ ಬಟ್ಟಲುಗಳ ಎಂಟು. ಕೆಂಪು ನಿಲುವಂಗಿ ತೊಟ್ಟವನೊಬ್ಬ ಎಂಟು ಬಟ್ಟಲುಗಳನ್ನು ಜೋಡಿಸಿಟ್ಟ ಹಾಗೆಯೇ ಬಿಟ್ಟು, ಬೆನ್ನು ತಿರುಗಿಸಿ, ಬೆಟ್ಟದ ಕಡೆ ಹೊರಟಿದ್ದಾನೆ. ನಡುವೆ ಕತ್ತಿಗಳ ಮೂರು, ಹೃದಯಕ್ಕೆ ಚುಚ್ಚಿದ ಮೂರು ಕತ್ತಿ. ಇಲ್ಲಿ ತಡೆದಿರುವುದು ಅವನಲ್ಲ, ಅವಳು! ಅವನು ಆಗಲೇ ನಡೆದು ಹೋಗಿದ್ದಾನೆ, ಇವಳು ಒಂಟಿ ಕಾಲಲ್ಲಿ ಜೋತುಬಿದ್ದಿದ್ದಾಳೆ. ಎಂಟು ತಿಂಗಳಿಂದ ಅವನ ಒಂದು ಮೆಸೇಜೂ ಇರಲಿಲ್ಲ, ಕೊನೆಯದಾಗಿ ಆಡಿದ ಮಾತು "ನನಗೆ ಇಷ್ಟ ಇಲ್ಲ" ಅಂತ. ಆದರೂ ಈ ಕಾರ್ಡು ಕಂಡ ಕೂಡಲೇ ಅವಳು, "ಆಂಟಿ, ಇದು ಪಾಸ್ ಕಾರ್ಡಲ್ವಾ? ಇಂಟರ್‌ನೆಟ್ಟಲ್ಲಿ ಓದಿದ್ದೀನಿ, ಅವನು ವಾಪಸ್ ಬರ್ತಾನೆ ಅಂತ ಅರ್ಥ" ಅಂದಳು. ಈ ಕಾರ್ಡಿನ ನಿಜವಾದ ಅಪಾಯ ಇದು ನೋಡಿ. ಹೆದರಿಸೋದಕ್ಕಿಂತ ಸುಳ್ಳು ಆಸೆ ಹುಟ್ಟಿಸೋದು ಜಾಸ್ತಿ.

ಆದ್ದರಿಂದ ಮೊದಲ ಪ್ರಶ್ನೆ ಯಾವಾಗಲೂ 'ಯಾರು ನೇತಾಡುತ್ತಿದ್ದಾರೆ?' ಅಂತ. ಎದುರಿನವರ ಜಾಗದಲ್ಲಿ ಬಂದು, ಹೊರೆಯ ಕಾರ್ಡೋ ವಿಶ್ರಾಂತಿಯ ಕಾರ್ಡೋ ಜೊತೆಗಿದ್ದರೆ ತಡೆ ಎನ್ನಬಹುದು. ನಮ್ಮದೇ ಜಾಗದಲ್ಲಿ ಬಂದು, ಎದುರಿನವರು ಬೆನ್ನು ತಿರುಗಿಸಿದ್ದರೆ ಅದು ಅವರ ನಿರ್ಧಾರ ಆಗಿಹೋಗಿದೆ, ನಾವು ಬಿಡಲಾರದೆ ನಿಂತಿದ್ದೇವೆ ಎಂದು ಓದಬೇಕು.

ಈ ಕಾರ್ಡು ಉಲ್ಟಾ ಬಿದ್ದಾಗ ಒಂದು ಮೋಜಿನ ಗೊಂದಲ ಆಗುತ್ತದೆ. ಅವನು ಮೊದಲೇ ತಲೆಕೆಳಗು, ಉಲ್ಟಾ ಆದರೆ ನೆಟ್ಟಗೆ ನಿಂತ ಹಾಗೆ ಕಾಣುತ್ತಾನೆ! ಹೊಸಬರು ಅದನ್ನೇ ಸರಿ ಅಂದುಕೊಂಡುಬಿಡುತ್ತಾರೆ. ಮನುಷ್ಯನನ್ನು ನೋಡಬೇಡಿ, ನಂಬರು ನೋಡಿ. ರೋಮನ್ ಹನ್ನೆರಡು ಮೇಲಿದ್ದು, ಹೆಸರು ಕೆಳಗಿದ್ದರೆ ಕಾರ್ಡು ನೇರ. ಉಲ್ಟಾ ಬಂದರೆ ಕೆಲವರು ಹಗ್ಗ ಬಿಚ್ಚಿತು ಅನ್ನುತ್ತಾರೆ, ಕೆಲವರು ತಡೆ ಅರ್ಥವಿಲ್ಲದೆ ಎಳೆಯುತ್ತಿದೆ ಅನ್ನುತ್ತಾರೆ. ನಾನು ಐದನೇ ಕಾರ್ಡನ್ನು ನೋಡಿ ತೀರ್ಮಾನಿಸುತ್ತೇನೆ. ಅಲ್ಲಿ ಚಲನೆ ಇದ್ದರೆ ಬಿಚ್ಚಿತು, ಅಲ್ಲೂ ಜಡತೆ ಇದ್ದರೆ ಎಳೆಯುತ್ತಿದೆ.

ಇನ್ನೊಂದು ಮಾತು. ಇಷ್ಟದ ಉತ್ತರ ಬರೋತನಕ ಮತ್ತೆ ಮತ್ತೆ ಹರಡಬೇಡಿ. ಕಟ್ಟಿನಲ್ಲಿ ಇರೋದು 78 ಕಾರ್ಡು. ಐದು ತೆಗೆದರೆ ಅದರಲ್ಲಿ ನೇತಾಡುವವ ಬರೋದು ಸುಮಾರು ಹದಿನಾರು ಸಲಕ್ಕೆ ಒಮ್ಮೆ. ಅದೇ ಹತ್ತು ಸಲ ಹರಡಿದರೆ ಒಮ್ಮೆಯಾದರೂ ಬರೋ ಸಾಧ್ಯತೆ ಹೆಚ್ಚುಕಮ್ಮಿ ಅರ್ಧಕ್ಕರ್ಧ. ಆಮೇಲೆ 'ನೋಡಿ, ಬಂತಲ್ಲ!' ಅಂತ ಕೂತರೆ ಅದು ಕಾರ್ಡಿನ ಮಾತಲ್ಲ, ಬರೀ ಲೆಕ್ಕ. ಒಂದು ಪ್ರಶ್ನೆಗೆ ಒಂದು ಸಲ, ಪರಿಸ್ಥಿತಿ ಬದಲಾಗೋತನಕ ಮತ್ತೆ ಇಲ್ಲ, ಇದು ನಮ್ಮ ಮನೆಯ ನಿಯಮ.

ಕಾರ್ಡು ಇನ್ನೊಬ್ಬರ ಮನಸ್ಸಿನೊಳಗೆ ಇಣುಕಲಾರದು. ನಮ್ಮ ಕಣ್ಣೆದುರೇ ಇದ್ದು ನಾವು ನೋಡದೆ ಇದ್ದದ್ದನ್ನು ಒಂದು ಚಿತ್ರ ಮಾಡಿ ತೋರಿಸಬಹುದು, ಅಷ್ಟೇ. ಎರಡನೇ ಹುಡುಗಿಗೂ ನಾನು ಅದನ್ನೇ ಹೇಳಿದೆ: "ಅವನು ಬಾಯಿಬಿಟ್ಟು ಹೇಳಿದ್ದಾನಲ್ಲ ಮಗಾ, ಆ ಮಾತಿಗಿಂತ ದೊಡ್ಡ ಕಾರ್ಡು ಈ ಕಟ್ಟಿನಲ್ಲಿ ಇಲ್ಲ." ಅವಳು ತುಂಬ ಹೊತ್ತು ಸುಮ್ಮನೆ ಕೂತಿದ್ದಳು. ಆಮೇಲೆ ತಾನೇ ಐದೂ ಕಾರ್ಡು ಕೂಡಿಸಿ, ಕಟ್ಟಿಗೆ ಸೇರಿಸಿ ನನ್ನ ಕೈಗೆ ಕೊಟ್ಟಳು. ಎದುರಿನವರು 'ತಡಿ' ಅಂದಿದ್ದರೆ ಕಾರಣ ಮತ್ತು ಗಡುವು ಕೇಳಿ. 'ಬೇಡ' ಅಂದಿದ್ದರೆ ಕಾರ್ಡಿನ ಕಟ್ಟು ಬಿಚ್ಚಲೇಬೇಡಿ.